ಪ್ಲೇಟ್‌ನ ಟೆಸ್ಟ್ ಸರ್ಟಿಫಿಕೇಟ್‌ನಲ್ಲಿರುವ ‘ಪಾಸ್’ ಯಾವ ಲೆಕ್ಕದ ಪಾಸ್?

ಪ್ರಶ್ನೆ: ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಯೂನಿಟ್. ಸ್ಟೀಲ್ ಪ್ಲೇಟ್ ಜೊತೆ ಬರೋ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಪಿಡಿಎಫ್‌ಗಳಿಂದ ರಿಸಲ್ಟ್ ತೆಗೆದು ನಮ್ಮ ಪರ್ಚೇಸ್ ಆರ್ಡರ್, ಅಂದ್ರೆ ಪಿಒ, ಜೊತೆ ತಾಳೆ ನೋಡೋಕೆ ಒಂದು ಶೀಟ್ ಮಾಡ್ತಿದೀನಿ. ಅದರಲ್ಲಿರೋ ಪಾಸ್/ಫೇಲ್ ಹಾಗೇ ಎತ್ಕೊಂಡ್ರೆ ಸಾಕಾ?

ಸಾಲದು. ಆ ಪಾಸ್ ಅನ್ನು ಒಂದು ಕಾಲಮ್‌ನಲ್ಲಿ ಬರೆದಿಟ್ಟುಕೊಳ್ಳಿ, ಆದರೆ ತೀರ್ಮಾನ ಮಾತ್ರ ನಿಮ್ಮ ಶೀಟೇ ಕೊಡಬೇಕು. ಮಿಲ್‌ನವರು ಪಾಸ್ ಅಂತ ಹಾಕುವುದು ಸ್ಟ್ಯಾಂಡರ್ಡ್ ನೋಡಿ. ನಿಮ್ಮ ಪಿಒದಲ್ಲಿ ಅದಕ್ಕಿಂತ ಬಿಗಿಯಾದ ಷರತ್ತು ಇದ್ದರೆ ಅದು ಅವರಿಗೆ ಗೊತ್ತೇ ಇರುವುದಿಲ್ಲ. ನೀವು ಡೀಲರ್ ಹತ್ತಿರ ಸ್ಟಾಕ್ ಮಾಲು ತಗೊಂಡಿದ್ದರಂತೂ, ಪಿಒ ಬರೆಯುವ ಎಷ್ಟೋ ದಿನ ಮೊದಲೇ ಆ ಟೆಸ್ಟ್ ಮುಗಿದಿರುತ್ತದೆ ಅಲ್ವಾ?

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಪಿಒದಲ್ಲಿ 25 ಎಂಎಂ ಪ್ಲೇಟ್, ಐಎಸ್ 2062 ಇ250 ಬಿ0 ಗ್ರೇಡ್. ಜೊತೆಗೆ ಗ್ರಾಹಕರು ಕೇಳಿದ ಎರಡು ಹೆಚ್ಚುವರಿ ಷರತ್ತು: ಸಲ್ಫರ್ 0.025% ಮೀರಬಾರದು, ಕಾರ್ಬನ್ ಈಕ್ವಿವಲೆಂಟ್ 0.40 ಮೀರಬಾರದು. ಸರ್ಟಿಫಿಕೇಟ್‌ನಲ್ಲಿ ನಮ್ಮ ಹೀಟ್ ನಂಬರಿನ, ಅಂದರೆ ಒಂದೇ ಸಲ ಕರಗಿಸಿದ ಸ್ಟೀಲ್ ಬ್ಯಾಚಿನ ನಂಬರಿನ, ಸಾಲು ಹೀಗಿದೆ ಅಂದುಕೊಳ್ಳಿ: ಕಾರ್ಬನ್ 17, ಮ್ಯಾಂಗನೀಸ್ 108, ಸಲ್ಫರ್ 28. ಈಲ್ಡ್ 246, ಟೆನ್ಸೈಲ್ 432, ಇಲಾಂಗೇಶನ್ 29.

ಮೊದಲು ಎಡವುವುದು ಇಲ್ಲೇ. ಕಾರ್ಬನ್ 17% ಇರುವ ಸ್ಟೀಲ್ ಎಲ್ಲೂ ಇಲ್ಲ. ಹೆಡರ್‌ನಲ್ಲಿ ಧಾತುವಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ×100, ×1000 ಅಂತ ಇರುತ್ತದೆ. ಕಾರ್ಬನ್, ಮ್ಯಾಂಗನೀಸ್‌ಗೆ 100, ಸಲ್ಫರ್, ಫಾಸ್ಫರಸ್‌ಗೆ 1000 ಹಾಕುವುದು ಸಾಮಾನ್ಯ. ಹಾಗಾಗಿ ಇಲ್ಲಿ ಕಾರ್ಬನ್ 0.17, ಮ್ಯಾಂಗನೀಸ್ 1.08, ಸಲ್ಫರ್ 0.028. ಎಲ್ಲ ಮಿಲ್‌ನವರೂ ಹೀಗೆ ಬರೆಯುವುದಿಲ್ಲ, ಕೆಲವರು ನೇರವಾಗಿ 0.17 ಅಂತಲೇ ಹಾಕುತ್ತಾರೆ. ಅದಕ್ಕೇ ನಿಮ್ಮ ಶೀಟಿನಲ್ಲಿ ಅಚ್ಚಾಗಿದ್ದ ಅಂಕಿಗೆ ಒಂದು ಕಾಲಮ್, ಗುಣಕಕ್ಕೆ ಒಂದು, ಯೂನಿಟ್‌ಗೆ ಒಂದು, ಪರಿವರ್ತಿಸಿದ ಅಂಕಿಗೆ ಇನ್ನೊಂದು ಇರಲಿ. ಪರಿವರ್ತಿಸಿದ್ದನ್ನು ಮಾತ್ರ ಇಟ್ಟುಕೊಂಡರೆ ನಾಳೆ ಆಡಿಟರ್ ಕೇಳಿದಾಗ ಎಲ್ಲಿಂದ ಬಂತು ಅಂತ ತೋರಿಸಲು ಆಗುವುದಿಲ್ಲ. ಈಲ್ಡ್, ಟೆನ್ಸೈಲ್‌ಗೂ ಇದೇ ಮಾತು. 25 ಅಂತ ಕಂಡರೆ ಅದು ಕೆಜಿಎಫ್ ಪರ್ ಎಂಎಂ ಸ್ಕ್ವೇರ್, 9.807ರಿಂದ ಗುಣಿಸಿದರೆ ಎಂಪಿಎ ಸಿಗುತ್ತದೆ.

ಈಗ ಮಿತಿ ನೋಡೋಣ. ಈಲ್ಡ್ 246 ಬಂದಿದೆ. ಇ250 ಅನ್ನುವ ಹೆಸರು ನೋಡಿ ಶೀಟಿನಲ್ಲಿ 250 ಅಂತ ಹಾಕಿಟ್ಟಿದ್ದರೆ ಅದು ಫೇಲ್ ಅನ್ನುತ್ತದೆ, ಒಳ್ಳೆಯ ಪ್ಲೇಟ್ ಸುಮ್ನೆ ವಾಪಸ್ ಹೋಗುತ್ತದೆ. ಐಎಸ್ 2062ರ 2011ರ ಆವೃತ್ತಿಯಲ್ಲಿ ಈ ಗ್ರೇಡ್‌ಗೆ 20 ಎಂಎಂಗಿಂತ ಕಡಿಮೆ ದಪ್ಪಕ್ಕೆ 250, 20ರಿಂದ 40ಕ್ಕೆ 240, ಅದರ ಮೇಲೆ 230 ಎಂಪಿಎ. ನಮ್ಮದು 25 ಎಂಎಂ, ಹಾಗಾಗಿ 246 ಪಾಸ್. ಅಂದರೆ ಮಿತಿ ಹುಡುಕುವಾಗ ಗ್ರೇಡ್ ಜೊತೆ ದಪ್ಪವನ್ನೂ ಸೇರಿಸಿ ಹುಡುಕಬೇಕು. ಟೆನ್ಸೈಲ್ ಕನಿಷ್ಠ 410, ಇಲಾಂಗೇಶನ್ ಕನಿಷ್ಠ 23%. ಇವೆರಡರಲ್ಲಿ ಇಲ್ಲಿ ತಕರಾರಿಲ್ಲ.

ಸಲ್ಫರ್ 0.028. ಸ್ಟ್ಯಾಂಡರ್ಡ್ ಮಿತಿ 0.045, ಆದ್ದರಿಂದ ಮಿಲ್‌ನ ಪಾಸ್ ಸರಿಯಾಗೇ ಇದೆ. ನಮ್ಮ ಪಿಒ ಮಿತಿ 0.025, ಆ ಲೆಕ್ಕದಲ್ಲಿ ಫೇಲ್. ಇದಕ್ಕೇ ನಾನು ಎರಡು ತೀರ್ಮಾನದ ಕಾಲಮ್ ಇಡುತ್ತೇನೆ, ಸ್ಟ್ಯಾಂಡರ್ಡ್‌ಗೆ ಒಂದು, ಪಿಒಗೆ ಒಂದು. ಎರಡರಲ್ಲೂ ಫೇಲ್ ಆದರೆ ಮಾಲು ವಾಪಸ್. ಪಿಒದಲ್ಲಿ ಮಾತ್ರ ಫೇಲ್ ಆದರೆ ಪರ್ಚೇಸ್‌ನವರು ಗ್ರಾಹಕರ ಹತ್ತಿರ ಡೀವಿಯೇಶನ್ ಕೇಳಬಹುದು, ಅಥವಾ ಆ ಪ್ಲೇಟನ್ನು ಬೇರೆ ಕೆಲಸಕ್ಕೆ ಹಾಕಬಹುದು. ಒಂದೇ ಕಾಲಮ್ ಇದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಬಿ0 ಗ್ರೇಡ್ ಅಂದರೆ ಇಂಪ್ಯಾಕ್ಟ್ ಟೆಸ್ಟ್ 0 ಡಿಗ್ರಿಯಲ್ಲಿ, ಸರಾಸರಿ ಕನಿಷ್ಠ 27 ಜೂಲ್. ಮೂರು ಸ್ಯಾಂಪಲ್‌ನಲ್ಲಿ ಯಾವ ಒಂದೂ ಇದರ 70%ಗಿಂತ, ಅಂದರೆ 18.9 ಜೂಲ್‌ಗಿಂತ, ಕೆಳಗಿರಬಾರದು. ಸರಾಸರಿ ಮಾತ್ರ ಎತ್ತಿಕೊಂಡರೆ ಮೋಸ ಹೋಗುತ್ತೀರಿ. 58, 52, 17 ಬಂದರೆ ಸರಾಸರಿ 42, ನೋಡೋಕೆ ಚೆನ್ನಾಗಿದೆ, ಆದರೆ ಆ 17 ದಾಟಲಿಲ್ಲ. ಮೂರೂ ಅಂಕಿ ಬೇಕು, ಟೆಸ್ಟ್ ಮಾಡಿದ ಟೆಂಪರೇಚರ್ ಕೂಡ ಬೇಕು. ಟೆಂಪರೇಚರ್ ಜಾಗ ಖಾಲಿ ಇದ್ದರೆ ಪಾಸೂ ಅಲ್ಲ ಫೇಲೂ ಅಲ್ಲ, ‘ಹೇಳಲಾಗದು’ ಅಂತ ಬರೆಯಿರಿ. ಈ ಮೂರನೇ ಉತ್ತರ ಶೀಟಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಖಾಲಿ ಜಾಗವನ್ನು ಎಕ್ಸೆಲ್ ಸೊನ್ನೆ ಅಂತ ಓದಿಕೊಳ್ಳುತ್ತದೆ. ಸಲ್ಫರ್ ಸೊನ್ನೆ ಅಂದರೆ ಅದಕ್ಕೆ ಭರ್ಜರಿ ಪಾಸ್!

ಅಂಕಿ ಸರಿಯಾಗಿ ಬಂದಿದೆಯಾ ಅಂತ ತಿಳಿಯಲು ಸರ್ಟಿಫಿಕೇಟ್‌ನಲ್ಲೇ ಒಂದು ದಾರಿ ಇದೆ. ಕಾರ್ಬನ್ ಈಕ್ವಿವಲೆಂಟ್ ಅನ್ನು ನೀವೇ ಲೆಕ್ಕ ಹಾಕಿ, ಅಚ್ಚಾದದ್ದರ ಜೊತೆ ಹೋಲಿಸಿ.

```python
ce = C + Mn/6 + (Cr+Mo+V)/5 + (Ni+Cu)/15
if abs(ce - printed_ce) > 0.01:
    status = "CHECK"
```

ನಮ್ಮ ಸಾಲಿನಲ್ಲಿ ಕ್ರೋಮಿಯಂ 0.03, ಮಾಲಿಬ್ಡಿನಂ 0.01, ವೆನೇಡಿಯಂ 0.01, ನಿಕಲ್ 0.02, ತಾಮ್ರ 0.01 ಇದ್ದರೆ ಉತ್ತರ 0.362. ಸರ್ಟಿಫಿಕೇಟ್‌ನಲ್ಲಿ 0.36 ಇದೆ, ಸರಿ. ಸ್ಕ್ಯಾನ್ ಓದುವಾಗ 17 ಹೋಗಿ 11 ಆಗಿದ್ದರೆ 0.302 ಬರುತ್ತಿತ್ತು, ತಕ್ಷಣ ಸಿಕ್ಕಿಬೀಳುತ್ತಿತ್ತು. ಆದರೆ ಸಲ್ಫರ್, ಫಾಸ್ಫರಸ್ ಈ ಸೂತ್ರದಲ್ಲಿಲ್ಲ. ಅವೆರಡನ್ನು ಸ್ಕ್ಯಾನ್ ಕಾಪಿಗಳಲ್ಲಿ ಕಣ್ಣಿಂದಲೇ ನೋಡಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ತೆಗೆಯುವ ಕೆಲಸಕ್ಕೆ ಬಂದರೆ, ಪಿಡಿಎಫ್‌ನಲ್ಲಿ ಅಕ್ಷರ ಸೆಲೆಕ್ಟ್ ಮಾಡೋಕೆ ಆದರೆ `pdfplumber` ಸಾಕು. ಸ್ಕ್ಯಾನ್ ಆಗಿದ್ದರೆ `tesseract`, ಆದರೆ ಡೀಲರ್ ಕೊಡುವ ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ದಶಮಾಂಶ ಚುಕ್ಕಿಗಳೇ ಮಾಯವಾಗಿರುತ್ತವೆ. ಅಂಥದ್ದನ್ನು ಕೈಯಲ್ಲೇ ಟೈಪ್ ಮಾಡುವುದು ಬೇಗ ಮುಗಿಯುತ್ತದೆ. ಕೆಮಿಕಲ್ ಟೇಬಲ್ ಒಂದು ಕಡೆ, ಮೆಕ್ಯಾನಿಕಲ್ ಇನ್ನೊಂದು ಕಡೆ ಇರುವುದರಿಂದ ಎರಡನ್ನೂ ಹೀಟ್ ನಂಬರಿನಿಂದ ಜೋಡಿಸಿ. ಒಂದೇ ಹೀಟ್‌ನ ಎರಡನೇ ಪ್ಲೇಟ್ ಸಾಲಿನಲ್ಲಿ ಹೀಟ್ ನಂಬರ್ ಜಾಗ ಖಾಲಿ ಇರಬಹುದು ಅಥವಾ ಮೇಲಿನದ್ದೇ ಅನ್ನುವ ಅರ್ಥದಲ್ಲಿ ‘ಡು’ ಅಂತ ಇರಬಹುದು. ಅಲ್ಲಿ ಮೇಲಿನ ಸಾಲಿನದ್ದನ್ನೇ ತುಂಬಿ. ಇದು ಹೀಟ್ ನಂಬರಿಗೆ ಮಾತ್ರ, ರಿಸಲ್ಟ್‌ಗೆ ಹೀಗೆ ತುಂಬಬೇಡಿ. ಟೇಬಲ್ ಮೇಲೆ ಕನಿಷ್ಠ, ಗರಿಷ್ಠ ಮಿತಿಯ ಸಾಲುಗಳೂ ಇರುತ್ತವೆ. ಅವು ರಿಸಲ್ಟ್ ಆಗಿ ಒಳಗೆ ಬರದಂತೆ, ಹೀಟ್ ನಂಬರ್ ಇರುವ ಸಾಲನ್ನು ಮಾತ್ರ ತಗೊಳ್ಳಿ.

ಇನ್ನೊಂದು ವಿಷಯ. ಪಿಒದಲ್ಲಿ ಇಎನ್ 10204 ಸ್ಟ್ಯಾಂಡರ್ಡ್ ಪ್ರಕಾರ ನಿಮ್ಮ ಲಾಟಿನದ್ದೇ ರಿಸಲ್ಟ್ ಇರಬೇಕಾದ 3.1 ಸರ್ಟಿಫಿಕೇಟ್ ಕೇಳಿದ್ದು 2.2 ಬಂದರೆ ಅಂಕಿ ತೆಗೆಯುವ ಗೋಜಿಗೇ ಹೋಗಬೇಡಿ. 2.2ರಲ್ಲಿರುವ ರಿಸಲ್ಟ್ ನಿಮ್ಮ ಲಾಟಿನದ್ದೇ ಆಗಿರಬೇಕು ಅಂತಿಲ್ಲ. ಎಲ್ಲಕ್ಕಿಂತ ಮೊದಲು ಯಾರನ್ನಾದರೂ ಯಾರ್ಡ್‌ಗೆ ಕಳಿಸಿ, ಪ್ಲೇಟ್ ಮೇಲೆ ಪಂಚ್ ಹೊಡೆದ ಅಥವಾ ಪೇಂಟ್‌ನಲ್ಲಿ ಬರೆದ ಹೀಟ್ ನಂಬರ್ ಫೋಟೋ ತೆಗೆಸಿ, ಸರ್ಟಿಫಿಕೇಟ್‌ನ ನಂಬರಿಗೆ ತಾಳೆ ಹಾಕಿ. ಅದು ಕೂಡದಿದ್ದರೆ ಉಳಿದ ಕಾಲಮ್ ತುಂಬುವ ಕೆಲಸ ಅಲ್ಲಿಗೇ ನಿಲ್ಲಿಸಿ, ಡೀಲರ್‌ಗೆ ಫೋನ್ ಮಾಡಿ.