20-20 ಆದ ಮೇಲೆ ಗೆಲ್ಲುವುದು ಯಾರು?

ಪ್ರಶ್ನೆ: ನಿನ್ನೆ ಮಲ್ಪೆಯಲ್ಲಿ ಬ್ಯಾಡ್ಮಿಂಟನ್ ಆಡುವಾಗ ಮೂರನೇ ಗೇಮ್ 20-20 ಆಯಿತು. 21 ಆದವರು ಗೆದ್ದ ಹಾಗೆಯೇ? ಬದಿ ಬದಲಿಸುವುದು ಯಾವಾಗ?

ಇಲ್ಲ, ಆಗ 21 ಸಾಲದು. ಎರಡು ಪಾಯಿಂಟ್ ಮುಂದಿರಬೇಕು: 22-20 ಅಥವಾ 23-21, ಹೀಗೆ. 29-29ಕ್ಕೆ ಬಂದರೆ ಮಾತ್ರ ಮುಂದಿನ ಒಂದೇ ಪಾಯಿಂಟ್ ಸಾಕು, 30-29ಕ್ಕೆ ಗೇಮ್ ಮುಗಿಯುತ್ತದೆ. ಸರ್ವ್ ಯಾರದೇ ಇರಲಿ, ರ‍್ಯಾಲಿ ಗೆದ್ದವರಿಗೇ ಪಾಯಿಂಟ್.

ಬದಿ ಬದಲಿಸುವುದು ಒಂದೊಂದು ಗೇಮ್ ಮುಗಿದಾಗ. ಮೂರನೆಯದರಲ್ಲಿ, ಯಾರಾದರೂ ಮೊದಲು 11 ಮುಟ್ಟಿದಾಗ ಇನ್ನೊಮ್ಮೆ. ಮಲ್ಪೆಯಲ್ಲಿ ಬಯಲಲ್ಲಿ ಆಡುವವರು ಇದನ್ನು ಬಿಡಲೇಬಾರದು. ಕಡಲಗಾಳಿ ಬೆನ್ನಿಗಿದ್ದವರ ಶಟಲ್ ಹಿಂದಿನ ಗೆರೆ ದಾಟಿ ಹೋಗುತ್ತದೆ, ಎದುರುಗಾಳಿಯವರದು ನಡುವೆಯೇ ಬೀಳುತ್ತದೆ. 11-8ಕ್ಕೆ ಮರೆತು 13-9ಕ್ಕೆ ನೆನಪಾಯಿತೆಂದರೆ, ಶಟಲ್ ಆಟದಲ್ಲಿಲ್ಲದಾಗ ತಕ್ಷಣ ಬದಲಿಸಿ. ಸ್ಕೋರ್ 13-9 ಹಾಗೆಯೇ ಉಳಿಯುತ್ತದೆ.