ಮದುವೆಯ ನಂತರ ವರದಕ್ಷಿಣೆ ಕೇಳಿದರೆ ಹೆಣ್ಣಿಗಿರುವ ದಾರಿ

ಪ್ರಶ್ನೆ: ಮದುವೆಯಾಗಿ ಆರು ತಿಂಗಳಾಗಿದೆ, ಈಗ ತಂಗಿಯ ಅತ್ತೆ-ಮಾವ ಐದು ಲಕ್ಷ ತರಲು ಪೀಡಿಸುತ್ತಿದ್ದಾರೆ. ಏನು ಮಾಡಬಹುದು?

ಹಣ ಕೊಡಬೇಡಿ, ದೂರು ಕೊಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಮದುವೆಯ ಸಂಬಂಧವಾಗಿ ಆಮೇಲೆ ಕೇಳಿದರೂ ಅಪರಾಧವೇ. ಹಣ ಕೈ ಬದಲಾಗಿರಬೇಕೆಂದಿಲ್ಲ.

ತವರಿನವರು ಹಿಂಜರಿಯುವುದು ಹೆಚ್ಚಾಗಿ ‘ಮೊದಲು ಕೊಟ್ಟ ನಾವೂ ಸಿಕ್ಕಿಬೀಳುತ್ತೇವೆ’ ಎಂಬ ಭಯಕ್ಕೆ. ಆದರೆ ನೊಂದವರ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ಈ ಕಾಯ್ದೆಯಡಿ ಕೇಸು ಹಾಕುವಂತಿಲ್ಲ ಎಂದು 7(3)ನೇ ಕಲಂ ಹೇಳುತ್ತದೆ.

ಹೊಡೆತ, ಬೆದರಿಕೆ ಇದ್ದರೆ ಮೊದಲು ಅವಳನ್ನು ತವರಿಗೆ ಕರೆತನ್ನಿ; ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ತವರೂರಿನ ಠಾಣೆಯಲ್ಲೇ ದೂರು ಕೊಡಬಹುದು. ಹಣ ಕೇಳಿದ ವಾಟ್ಸ್ಆ್ಯಪ್ ಸಂದೇಶ ಅಳಿಸಬೇಡಿ, ಒಡವೆಯ ರಸೀದಿ ತೆಗೆದಿಡಿ. ಗಂಡನ ಮನೆಯಲ್ಲೇ ಇರಬೇಕೆಂದರೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ವಾಸದ ಆದೇಶ ಕೇಳಬಹುದು. ಮನೆ ಅತ್ತೆಯ ಹೆಸರಿನಲ್ಲಿದ್ದರೂ ಸರಿ.