ರೆಸ್ಯೂಮೆ ಬಿಟ್ಟುಹೋದ ಮೇಲ್

"ಅಕೌಂಟೆಂಟ್ ಕೆಲಸಕ್ಕೆ ಅರ್ಜಿ ಮೇಲ್ ಕಳಿಸಿದೆ, ರೆಸ್ಯೂಮೆ ಹಾಕೋದೇ ಮರೆತೆ. 20 ನಿಮಿಷ ಆಯ್ತು. ಪೂರ್ತಿ ಮೇಲ್ ಮತ್ತೆ ಬರೀಬೇಕಾ?"

ಬೇಡ. ಜಿಮೇಲ್‌ನ Undo ಹೆಚ್ಚೆಂದರೆ 30 ಸೆಕೆಂಡು ಮಾತ್ರ, ಅದು ಮುಗಿದ ಕಥೆ. Sent ಒಳಗೆ ಆ ಮೇಲ್ ತೆರೆದು Reply ಒತ್ತಿ. ವಿಳಾಸದ ಜಾಗದಲ್ಲಿ ಅವರದ್ದೇ ಇದೆಯಾ ನೋಡಿ. ವಿಷಯದ ಸಾಲು ಮುಟ್ಟಬೇಡಿ. ಬದಲಾಯಿಸಿದರೆ ಎರಡೂ ಬೇರೆ ಬೇರೆ ಮೇಲ್‌ಗಳಾಗಿ ಕೂರುತ್ತವೆ, ನಿಮ್ಮ ಪರಿಚಯ ಒಂದು ಕಡೆ, ರೆಸ್ಯೂಮೆ ಇನ್ನೊಂದು ಕಡೆ.

ಈ ಸಲ ಮೊದಲು ಫೈಲ್ ಹಾಕಿ, ಆಮೇಲೆ ಬರೆಯಿರಿ. ಇಷ್ಟು ಸಾಕು:

"ನಮಸ್ಕಾರ ಮೇಡಂ, ಅಕೌಂಟೆಂಟ್ ಹುದ್ದೆಗೆ ಈಗಷ್ಟೇ ಕಳಿಸಿದ ಮೇಲ್‌ನಲ್ಲಿ ರೆಸ್ಯೂಮೆ ಬಿಟ್ಟುಹೋಗಿತ್ತು, ಕ್ಷಮಿಸಿ. ಇದರ ಜೊತೆ ಲಗತ್ತಿಸಿದ್ದೇನೆ. ಉಳಿದ ವಿವರ ಕೆಳಗಿನ ಮೇಲ್‌ನಲ್ಲಿದೆ."

ಕೆಳಗೆ ಹೆಸರು, ಫೋನ್ ನಂಬರ್. ಕ್ಷಮೆ ಒಂದೇ ಸಲ ಸಾಕು. ನೆಟ್‌ವರ್ಕ್ ಸರಿಯಿರಲಿಲ್ಲ ಅಂತೆಲ್ಲ ಸುಮ್ನೆ ಕಥೆ ಕಟ್ಟಬೇಡಿ, ಯಾರೂ ನಂಬಲ್ಲ.

ಜಾಸ್ತಿ ಎಡವೋದು ಇಲ್ಲೇ: ಗಾಬರಿಯಲ್ಲಿ ಹಳೇ ಫೈಲ್ ಹೋಗಿಬಿಡುತ್ತದೆ. ನಾನು ಹೀಗೇ `resume_final2.pdf` ಕಳಿಸಿದ್ದೆ, ಅದರಲ್ಲಿ ಬಿಟ್ಟುಬಂದ ಕೆಲಸ ಇನ್ನೂ 'ಈಗಿನ ಕೆಲಸ' ಅಂತಿತ್ತು. ಮೂರನೇ ಮೇಲ್ ಬರೆಯೋಕೆ ನಾಚಿಕೆಯಾಯ್ತು. ಅದಕ್ಕೇ ಲಗತ್ತಿಸಿದ ಮೇಲೆ ಅದೇ ಫೈಲ್ ಕ್ಲಿಕ್ ಮಾಡಿ, ತೆರೆದು ನೋಡಿ. ಹೆಸರಲ್ಲಿ final, new ಎಲ್ಲ ತೆಗೆದು ನಿಮ್ಮ ಹೆಸರು, ಹುದ್ದೆ ಇಡಿ. ವರ್ಡ್ ಬೇಡ, ಪಿಡಿಎಫ್ ಇರಲಿ.

ಕಳಿಸಿದ ಮೇಲೆ Sent ಒಳಗೆ ಇನ್ನೊಮ್ಮೆ ಇಣುಕಿ, ಫೈಲ್ ಕಾಣಿಸ್ತಿದೆ ಅಲ್ವಾ? ಹಾಗಾದರೆ ಮುಗೀತು, 'ಸಿಕ್ತಾ' ಅಂತ ಇವತ್ತೇ ಫೋನ್ ಮಾಡಬೇಡಿ.